ಮಧ್ಯಾಂಕ ತನ್ನ ವರ್ಗದೊಳಗೇ ಇರಬೇಕು

ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದ ಅಭ್ಯಾಸ ಹಾಳೆಯಲ್ಲಿ ಒಂದು ಮಗು ಮಧ್ಯಾಂಕ 76.92 ಎಂದು ಬರೆದಿದೆ ಎಂದುಕೊಳ್ಳಿ. ಸರಿಯುತ್ತರ 76.67. ಕಾಲು ಅಂಶದ ವ್ಯತ್ಯಾಸವಷ್ಟೇ, ಭಾಗಾಕಾರದಲ್ಲಿ ಎಲ್ಲೋ ಕೈತಪ್ಪಿರಬೇಕು ಎಂದು ನೋಡಿದವರಿಗೆ ಅನ್ನಿಸುತ್ತದೆ. ಭಾಗಾಕಾರ ಸರಿಯಾಗಿಯೇ ಇದೆ. ಮಗು ತಪ್ಪಿದ್ದು ವರ್ಗವನ್ನು ಆರಿಸುವಾಗ. ಇಂಥ ತಪ್ಪು ಉತ್ತರವನ್ನಷ್ಟೇ ತಾಳೆ ನೋಡಿದರೆ ಸಿಗುವುದಿಲ್ಲ, ಕೋಷ್ಟಕವನ್ನೇ ಓದಬೇಕು. ಹೇಗೆಂದು ಆ ಲೆಕ್ಕವನ್ನೇ ಹಿಡಿದು ನೋಡೋಣ.

ಒಂದು ಬಡಾವಣೆಯ 50 ಮನೆಗಳು ಒಂದು ತಿಂಗಳಲ್ಲಿ ಬಳಸಿದ ವಿದ್ಯುತ್ತನ್ನು ಯೂನಿಟ್‌ಗಳಲ್ಲಿ ಹೀಗೆ ಗುಂಪು ಮಾಡಿದ್ದಾರೆ.

| ವರ್ಗಾಂತರ | ಆವೃತ್ತಿ | ಮಧ್ಯಬಿಂದು | ಸಂಚಿತ ಆವೃತ್ತಿ |
|---|---|---|---|
| 20–40 | 6 | 30 | 6 |
| 40–60 | 9 | 50 | 15 |
| 60–80 | 12 | 70 | 27 |
| 80–100 | 13 | 90 | 40 |
| 100–120 | 7 | 110 | 47 |
| 120–140 | 3 | 130 | 50 |

ಮೊದಲು ಮಧ್ಯಬಿಂದುಗಳ ಸಾಲು. ವರ್ಗದ ಕೆಳಮಿತಿ, ಮೇಲ್ಮಿತಿ ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಮಧ್ಯಬಿಂದು ಸಿಗುತ್ತದೆ: 20 ಮತ್ತು 40 ಕೂಡಿದರೆ 60, ಅದರ ಅರ್ಧ 30. ಕೂಡಿಸುವ ಬದಲು ಕಳೆದು ಅರ್ಧ ಮಾಡುವುದು ಮಕ್ಕಳು ಹೆಚ್ಚಾಗಿ ಮಾಡುವ ತಪ್ಪು. ಆಗ ಎಲ್ಲ ಸಾಲಿನಲ್ಲೂ 10 ಬರುತ್ತದೆ. ಅದು ವರ್ಗದ ಅಗಲದ ಅರ್ಧ, ಮಧ್ಯಬಿಂದುವಲ್ಲ. ವರ್ಗಗಳ ಅಗಲ ಒಂದೇ ಇದ್ದಾಗ ಪಕ್ಕಪಕ್ಕದ ಮಧ್ಯಬಿಂದುಗಳ ನಡುವಿನ ಅಂತರವೂ ಅಷ್ಟೇ ಇರಬೇಕು; ಇಲ್ಲಿ ಎಲ್ಲೆಲ್ಲೂ 20. ಎಲ್ಲೋ ಒಂದು ಕಡೆ 18, ಮುಂದೆ 22 ಬಂದರೆ ಆ ಎರಡು ಅಂತರಗಳ ನಡುವಿನ ಅಂಕಿ ತಪ್ಪು. ಆದರೆ ಅಂತರ ಸರಿಯಿದ್ದ ಮಾತ್ರಕ್ಕೆ ಸಾಲು ಸರಿ ಎನ್ನುವಂತಿಲ್ಲ, 31, 51, 71 ಎಂದು ಬರೆದರೂ ಅಂತರ 20ರಷ್ಟೇ ಇರುತ್ತದೆ. ಹಾಗಾಗಿ ಮೊದಲ ಮಧ್ಯಬಿಂದುವನ್ನು ಮಿತಿಗಳಿಂದಲೇ ಲೆಕ್ಕ ಹಾಕಿ ನೋಡಬೇಕು, ಆಮೇಲೆ ಅಂತರ ನೋಡಿದರೆ ಸಾಕು. ಮಧ್ಯಾಂಕದ ಸೂತ್ರಕ್ಕೆ ಈ ಸಾಲು ಬೇಕಿಲ್ಲ, ಸರಾಸರಿಗೆ ಬೇಕು. ಆವೃತ್ತಿಯನ್ನೂ ಮಧ್ಯಬಿಂದುವನ್ನೂ ಗುಣಿಸಿ ಕೂಡಿಸಿದರೆ ಇಲ್ಲಿ 3800. 50ರಿಂದ ಭಾಗಿಸಿದರೆ ಸರಾಸರಿ 76.

ಮುಂದಿನದು ಸಂಚಿತ ಆವೃತ್ತಿ. ಮೇಲಿನಿಂದ ಕೆಳಕ್ಕೆ ಆವೃತ್ತಿಗಳನ್ನು ಕೂಡಿಸುತ್ತಾ ಹೋದರೆ ಕೊನೆಯ ಸಾಲಿನಲ್ಲಿ ಒಟ್ಟು ಮನೆಗಳ ಸಂಖ್ಯೆ 50 ಬರಬೇಕು. ಬಾರದಿದ್ದರೆ ಎಲ್ಲೋ ತಪ್ಪಿದೆ ಎಂದು ಗೊತ್ತಾಗುತ್ತದೆ. ಬಂದರೂ ನಂಬಿ ಬಿಡುವಂತಿಲ್ಲ. ಕೊನೆಯಲ್ಲಿ 50 ಬರಲೇಬೇಕೆಂದು ಗೊತ್ತಿರುವ ಮಗು ಆ ಅಂಕಿಯನ್ನು ಕೂಡಿಸದೆಯೇ ಬರೆದಿರಬಹುದು. ಅದಕ್ಕೆ ಕೆಳಗಿನಿಂದ ಮೇಲಕ್ಕೆ ಕಳೆಯುತ್ತಾ ಬರಬೇಕು: 50ರಲ್ಲಿ 47 ಹೋದರೆ 3, 47ರಲ್ಲಿ 40 ಹೋದರೆ 7, 40ರಲ್ಲಿ 27 ಹೋದರೆ 13. ಕಳೆದು ಬಂದದ್ದು ಆ ಸಾಲಿನ ಆವೃತ್ತಿಗೆ ಸಮವಿಲ್ಲದಿದ್ದರೆ ತಪ್ಪಾದ ಜಾಗ ಅಲ್ಲೇ ಸಿಕ್ಕಿತು.

ಈಗ ಮಧ್ಯಾಂಕವಿರುವ ವರ್ಗ. 50ರ ಅರ್ಧ 25. ಸಂಚಿತ ಆವೃತ್ತಿ ಮೊದಲ ಬಾರಿಗೆ 25ನ್ನು ಮುಟ್ಟುವುದೋ ದಾಟುವುದೋ ಯಾವ ಸಾಲಿನಲ್ಲಿ ಎಂದು ನೋಡಬೇಕು. 40–60ರ ಕೊನೆಗೆ 15 ಮನೆಗಳಾಗಿವೆ, 60–80ರ ಕೊನೆಗೆ 27. ಆದ್ದರಿಂದ ನಮಗೆ ಬೇಕಾದ ವರ್ಗ 60–80. 76.92 ಎಂದು ಬರೆದ ಮಗು ಆರಿಸಿದ್ದು 80–100ನ್ನು, ಏಕೆಂದರೆ ಅಲ್ಲಿ ಆವೃತ್ತಿ 13, ಎಲ್ಲಕ್ಕಿಂತ ಹೆಚ್ಚು. ಅತಿ ಹೆಚ್ಚು ಆವೃತ್ತಿಯ ವರ್ಗ ಬಹುಲಕ ಕಂಡುಹಿಡಿಯಲು ಬೇಕಾದದ್ದು. ಎಷ್ಟೋ ಕೋಷ್ಟಕಗಳಲ್ಲಿ ಎರಡೂ ಒಂದೇ ವರ್ಗವಾಗಿರುವುದರಿಂದ ಈ ಗೊಂದಲ ಬೆಳಕಿಗೇ ಬರುವುದಿಲ್ಲ.

ಸೂತ್ರ ಇದು:

`l + ((n/2 − cf) / f) × h`

ಇದರಲ್ಲಿ l ಎಂದರೆ ಆ ವರ್ಗದ ಕೆಳಮಿತಿ, f ಅದರ ಆವೃತ್ತಿ, h ಅಗಲ. cf ಮಾತ್ರ ಹಿಂದಿನ ವರ್ಗದ ಸಂಚಿತ ಆವೃತ್ತಿ. ನಮ್ಮ ಕೋಷ್ಟಕದಲ್ಲಿ 25ರಿಂದ 15 ಕಳೆದರೆ 10. ಅದನ್ನು 12ರಿಂದ ಭಾಗಿಸಿ 20ರಿಂದ ಗುಣಿಸಿದರೆ 16.67, 60ಕ್ಕೆ ಸೇರಿಸಿದರೆ 76.67.

ಹಿಂದಿನ 15ರ ಬದಲು ಅದೇ ಸಾಲಿನ 27ನ್ನು ತೆಗೆದುಕೊಂಡರೆ ಉತ್ತರ 56.67 ಆಗುತ್ತದೆ. 60–80ರಲ್ಲಿದೆ ಎಂದು ನಾವೇ ಹೇಳಿದ ಮಧ್ಯಾಂಕ 60ಕ್ಕಿಂತ ಕೆಳಗೆ ಇಳಿಯಿತು! ಮೊದಲು ಹೇಳಿದ 76.92 ಕೂಡ ಹಾಗೆಯೇ. ಅದು ಸರಿಯುತ್ತರದ ಪಕ್ಕದಲ್ಲಿದ್ದರೂ ಮಗು ಆರಿಸಿದ 80–100ರ ಒಳಗಿಲ್ಲ. ಬಂದ ಉತ್ತರ ಆರಿಸಿದ ವರ್ಗದೊಳಗೇ ಇದೆಯೇ ಎಂಬ ಒಂದೇ ಪ್ರಶ್ನೆ ಈ ಎರಡೂ ತಪ್ಪುಗಳನ್ನು ಹಿಡಿಯುತ್ತದೆ. ಅರ್ಧದ ಸಂಖ್ಯೆ ಸರಿಯಾಗಿ ಒಂದು ಸಂಚಿತ ಆವೃತ್ತಿಗೇ ಸಮವಾದರೆ ಗಾಬರಿ ಬೇಡ. ಆ ವರ್ಗ ಹಿಡಿದರೂ ಅದರ ಮುಂದಿನ ವರ್ಗ ಹಿಡಿದರೂ ಎರಡರ ನಡುವಿನ ಗಡಿಯೇ ಮಧ್ಯಾಂಕವಾಗಿ ಬರುತ್ತದೆ.

ಹೀಗೆ ಒಳಗೇ ಬಿದ್ದೂ ತಪ್ಪಾಗುವ ಉತ್ತರವೂ ಉಂಟು. ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಒಂದು ಗಿಡದ 40 ಎಲೆಗಳ ಉದ್ದದ ಲೆಕ್ಕವಿದೆ. ಮಿಲಿಮೀಟರ್‌ನಲ್ಲಿ ಅಳೆದ ವರ್ಗಗಳು 118–126, 127–135, 136–144, 145–153 ಎಂದು ಸಾಗುತ್ತವೆ. 126 ಆದಮೇಲೆ 127. ನಡುವೆ ಒಂದು ಮಿಲಿಮೀಟರ್ ಬಿರುಕು. ಉದ್ದವನ್ನು ಹತ್ತಿರದ ಮಿಲಿಮೀಟರಿಗೆ ಅಳೆದಿರುವುದರಿಂದ 126.3 ಮಿಲಿಮೀಟರಿನ ಎಲೆ 126 ಎಂದು ದಾಖಲಾಗಿರುತ್ತದೆ. ಹಾಗಾಗಿ ಪ್ರತಿ ಕೆಳಮಿತಿಯಿಂದ ಅರ್ಧ ಕಳೆದು, ಮೇಲ್ಮಿತಿಗೆ ಅರ್ಧ ಸೇರಿಸಿ 117.5–126.5 ಎಂದು ಬರೆದುಕೊಳ್ಳಬೇಕು. ಮಧ್ಯಬಿಂದು ಇದರಿಂದ ಬದಲಾಗುವುದಿಲ್ಲ, ಮೊದಲೂ 122, ಆಮೇಲೂ 122. ಬದಲಾಗುವುದು ಕೆಳಮಿತಿ ಮತ್ತು ಅಗಲ.

40ರ ಅರ್ಧ 20. ಹಿಂದಿನ ಸಂಚಿತ ಆವೃತ್ತಿ 17, ಮಧ್ಯಾಂಕವಿರುವ ವರ್ಗದ ಆವೃತ್ತಿ 12. ಸರಿಪಡಿಸಿದ ವರ್ಗ 144.5–153.5, ಅಗಲ 9, ಮಧ್ಯಾಂಕ 146.75. ಸರಿಪಡಿಸದೆ 145ನ್ನೂ, 153ರಿಂದ 145 ಕಳೆದ 8ನ್ನೂ ಹಾಕಿದರೆ 147 ಬರುತ್ತದೆ. ಅದು ವರ್ಗದೊಳಗೇ ಇದೆ, ಹಿಂದಿನ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಇಲ್ಲಿ ಕೈಹಿಡಿಯುವುದು ಮಧ್ಯಬಿಂದುಗಳೇ. 122, 131, 140, ಅಂದರೆ ಅಂತರ 9. ಹಾಳೆಯಲ್ಲಿ ಅಗಲ 8 ಎಂದು ಬರೆದಿದ್ದರೆ ಎರಡೂ ಹೊಂದುವುದಿಲ್ಲ. ಮಧ್ಯಾಂಕಕ್ಕೆ ಬೇಡವೆನಿಸಿದ ಸಾಲು ಹೀಗೆ ಅಗಲಕ್ಕೆ ಸಾಕ್ಷಿಯಾಗುತ್ತದೆ.

ಅದೇ ಪುಸ್ತಕದ 51 ಹುಡುಗಿಯರ ಎತ್ತರದ ಲೆಕ್ಕದಲ್ಲಿ ಬೇರೊಂದು ಎಡವು ಇದೆ. 140 ಸೆಂಟಿಮೀಟರಿಗಿಂತ ಕಡಿಮೆ 4, 145ಕ್ಕಿಂತ ಕಡಿಮೆ 11, 150ಕ್ಕಿಂತ ಕಡಿಮೆ 29 ಎಂದು ಸಂಚಿತ ಆವೃತ್ತಿಯನ್ನೇ ಕೊಟ್ಟಿದ್ದಾರೆ. ಮುಂದೆ 40, 46, 51. ಇವನ್ನು ಆವೃತ್ತಿ ಎಂದುಕೊಂಡು ಮತ್ತೆ ಕೂಡಿಸಿದರೆ 181 ಬರುತ್ತದೆ. ಇರುವ ಹುಡುಗಿಯರೇ 51. ಒಂದರಿಂದ ಮತ್ತೊಂದನ್ನು ಕಳೆದು 4, 7, 18, 11, 6, 5 ಎಂದು ಮಾಡಿಕೊಂಡ ಮೇಲೆಯೇ ಲೆಕ್ಕ ಶುರು. 51ರ ಅರ್ಧ 25.5, ವರ್ಗ 145–150, ಮಧ್ಯಾಂಕ 149.03.

ಈ ತಾಳೆಗಳೆಲ್ಲ ಮುಗಿದ ಮೇಲೂ ಬಂದದ್ದು ಅಂದಾಜು ಎಂಬುದು ನೆನಪಿರಲಿ. 60–80ರ 12 ಮನೆಗಳು ಆ ವರ್ಗದುದ್ದಕ್ಕೂ ಸಮನಾಗಿ ಹರಡಿವೆ ಎಂದು ಸೂತ್ರ ಊಹಿಸುತ್ತದೆ. ಅಷ್ಟೂ ಮನೆಗಳು 65ರ ಒಳಗೇ ಇದ್ದರೂ ಕೋಷ್ಟಕ ಹೇಳುವುದು 76.67ನ್ನೇ. ನಡುವಿನ ಮನೆಯ ಬಳಕೆ 60 ಮತ್ತು 80ರ ನಡುವೆ ಇದೆ ಎಂಬುದಷ್ಟೇ ಕೋಷ್ಟಕದಿಂದ ಖಚಿತವಾಗಿ ತಿಳಿಯುತ್ತದೆ. ವರ್ಗವನ್ನು ಸರಿಯಾಗಿ ಆರಿಸಿ ಭಾಗಾಕಾರದಲ್ಲಿ ತಪ್ಪಿದ ಮಗುವಿಗೆ ಈ ಖಚಿತವಾದ ಭಾಗ ದಕ್ಕಿದೆ; ವರ್ಗವನ್ನೇ ತಪ್ಪಿ 76.92 ಬರೆದ ಮಗುವಿಗೆ ಅದು ಇನ್ನೂ ದಕ್ಕಿಲ್ಲ. ಹಾಳೆ ತಿದ್ದುವವರು ಇಬ್ಬರಿಗೂ ಒಂದೇ ಕೆಂಪು ಗುರುತು ಹಾಕದೆ, ತಪ್ಪಿದ ಸಾಲನ್ನೇ ತೋರಿಸಬೇಕು.