ಚದರಡಿ ಎಂದರೆ ಯಾವ ಚದರಡಿ?

ಬಿಡದಿ ಕೈಗಾರಿಕಾ ಪ್ರದೇಶದ ಅಂಚಿನ ಹಳ್ಳಿಗಳಲ್ಲಿ ಹಳೆಯ ಮನೆಯ ಗೋಡೆಯನ್ನು ಪುಟ್ಟಿ ಬ್ಲೇಡಿನಿಂದ ಕೆರೆದರೆ ಆ ಊರಿನ ಚರಿತ್ರೆಯೇ ಪದರ ಪದರವಾಗಿ ಕಳಚುತ್ತದೆ. ಮೇಲೆ ಎಮಲ್ಷನ್ ಪೇಂಟು, ಅದರಡಿ ಡಿಸ್ಟೆಂಪರ್, ತಳದಲ್ಲಿ ಬೆರಳಿಗೆ ಹಿಟ್ಟಿನಂತೆ ಅಂಟುವ ಸುಣ್ಣ. ಇಂದು ಪೇಂಟಿಂಗ್ ಮೇಸ್ತ್ರಿ ಹೇಳುವ ‘ಸ್ಕ್ವೇರ್ ಫೀಟ್‌ಗೆ ಇಷ್ಟು’ ಎಂಬ ರೇಟು ಸರಿಯೋ ತಪ್ಪೋ ಎಂಬುದನ್ನು ಬಹುಮಟ್ಟಿಗೆ ಆ ತಳದ ಸುಣ್ಣವೇ ತೀರ್ಮಾನಿಸುತ್ತದೆ.

ರಾಮನಗರದ ಸೀಮೆ ರೇಷ್ಮೆಯ ಸೀಮೆ. ಹುಳು ಸಾಕುವ ಮನೆಗೆ ರೋಗ ತಗಲದಂತೆ ಸುಣ್ಣ, ಬ್ಲೀಚಿಂಗ್ ಪುಡಿ ಬಳಸುವುದು ಇಲ್ಲಿನ ರೂಢಿ. ಅದಲ್ಲದೆ ಯುಗಾದಿಗೋ ಮನೆಯ ಮದುವೆಗೋ ಗೋಡೆಗೆ ಸುಣ್ಣ ಹೊಡೆಸುತ್ತಿದ್ದರು. ಹೀಗೆ ವರ್ಷಗಟ್ಟಲೆ ಹಳೆಯದರ ಮೇಲೆ ಹೊಸದು ಕೂತು ಗೋಡೆಯ ಮೇಲೊಂದು ದಪ್ಪ ಪದರವೇ ಬೆಳೆಯಿತು. ಆಗ ಚದರಡಿಯ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಸುಣ್ಣ, ಒಂದಿಷ್ಟು ನೀಲಿ, ಆಳುಗಳ ದಿನಗೂಲಿ, ಮಧ್ಯಾಹ್ನದ ಊಟ, ಅಲ್ಲಿಗೆ ಮುಗಿಯಿತು.

1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಸ್ಥಾಪನೆಯಾಗಿ 1999ರ ಕೊನೆಗೆ ಬಿಡದಿಯಲ್ಲಿ ಗಾಡಿ ತಯಾರಿ ಶುರುವಾಯಿತು. ಸುತ್ತ ಬಿಡಿಭಾಗಗಳ ಕಾರ್ಖಾನೆಗಳು ಬಂದವು, ಮುಂದೆ ಬಾಷ್ ಕೂಡ ಬಂತು. ಜೊತೆಗೇ ಬಾಡಿಗೆ ಮನೆ ಹುಡುಕುವ ಹುಡುಗರು ಬಂದರು. ಹಿತ್ತಿಲಲ್ಲಿ ವಠಾರ ಎದ್ದಿತು, ಹಳೆಯ ಮನೆಯ ಮುಂದಿನ ಕೋಣೆಗಳು ಬಾಡಿಗೆಗೆ ಹೋದವು. ಬೆಂಗಳೂರಿನ ಪದ್ಧತಿಯೂ ಹಿಂದೆಯೇ ಬಂತು: ಖಾಲಿ ಮಾಡುವಾಗ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆಂದು ಮುರಿದುಕೊಳ್ಳುವುದು. ಬಾಡಿಗೆದಾರ ಬದಲಾದಂತೆಲ್ಲ ಬಣ್ಣ ಬೇಕು, ಬೇಗ ಬೇಕು, ಖರ್ಚು ಮೊದಲೇ ಗೊತ್ತಿರಬೇಕು. ದಿನಗೂಲಿಯ ಲೆಕ್ಕ ಅಲ್ಲಿ ಸಾಲಲಿಲ್ಲ. ದೊಡ್ಡ ಕಟ್ಟಡಗಳ ಗುತ್ತಿಗೆಯಲ್ಲಿ ಟೇಪು ಹಿಡಿದು ಅಳೆದು ಬಿಲ್ ಮಾಡುವ ಕ್ರಮ ಮೊದಲಿನಿಂದಲೂ ಇತ್ತು. ಅದೇ ಕ್ರಮ ಮನೆಯೊಳಕ್ಕೂ ಬಂತು.

ಬರುವಾಗ ಒಂದು ಗೊಂದಲವನ್ನೂ ತಂದಿತು. ನಮ್ಮ ಕಡೆ ಮನೆಯನ್ನು ‘ಆರು ಚದರ, ಹತ್ತು ಚದರ’ ಎಂದೇ ಅಳೆಯುತ್ತೇವೆ. ಅದು ಕಟ್ಟಡದ ಅಳತೆ, ಒಂದು ಚದರಕ್ಕೆ ನೂರು ಚದರಡಿ. ಬಣ್ಣ ಹೊಡೆಯುವುದು ಗೋಡೆಗೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯ ನೆಲ 120 ಚದರಡಿ. ಅದರ ನಾಲ್ಕು ಗೋಡೆ 440, ತಾರಸಿಯ ಒಳಮೈ 120, ಒಟ್ಟು 560. ಒಂದು ಬಾಗಿಲು, ಒಂದು ಕಿಟಕಿಗೆ 37 ಕಳೆದರೂ 523 ಉಳಿಯುತ್ತದೆ, ನೆಲದ ನಾಲ್ಕು ಪಟ್ಟಿಗಿಂತ ಹೆಚ್ಚು. ಕೆಲವರು ಬಾಗಿಲು, ಕಿಟಕಿಯನ್ನು ಕಳೆಯುವುದೇ ಇಲ್ಲ. ಕೇಳಿದರೆ ‘ಅಂಚಿನ ಕೆಲಸ ಇರುತ್ತಲ್ಲ ಸಾರ್’ ಎನ್ನುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಭಾರತೀಯ ಮಾನಕ ಐಎಸ್ 1200ರ ಅಳತೆ ನಿಯಮದಲ್ಲಿಯೂ ಅರ್ಧ ಚದರ ಮೀಟರಿನವರೆಗಿನ ಕಿಂಡಿಯನ್ನು ಕಳೆಯುವಂತಿಲ್ಲ. ಆದರೆ ಒಂದು ಬಾಗಿಲು ಸುಮಾರು ಎರಡು ಚದರ ಮೀಟರ್ ಇರುತ್ತದೆ.

ಈಗ ಆರು ಚದರದ ಒಂದು ಬಾಡಿಗೆ ಮನೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಒಳಗೋಡೆ, ತಾರಸಿ ಅಳೆದರೆ 2,000 ಚದರಡಿ ಬಂತು ಎನ್ನಿ. ಮೂವರು ರೇಟು ಕೊಟ್ಟಿದ್ದಾರೆ, ಮೂರೂ ಸಾಮಾನು ಸಮೇತ. ಮೊದಲನೆಯವರು ಅಡಿಗೆ 60 ರೂಪಾಯಿ, ಮನೆಯ ಅಳತೆಗೆ. ಎರಡನೆಯವರು 22, ಮೂರನೆಯವರು 13, ಇಬ್ಬರದೂ ಗೋಡೆಯ ಅಳತೆಗೆ. ಕಿವಿಗೆ ಮೊದಲನೆಯದೇ ದುಬಾರಿ. ಆದರೆ 600 ಅಡಿಗೆ 60ರಂತೆ ಅದು 36,000 ರೂಪಾಯಿ, ಗೋಡೆಯ ಅಡಿಗೆ ಬರೀ 18. ಎರಡನೆಯದು 44,000, ಮೂರನೆಯದು 26,000. ದುಬಾರಿ ಎಂದುಕೊಂಡದ್ದು ನಡುವೆ ಬಂದು ಕೂತಿತು.

ಇನ್ನು ಒಳಗೇನಿದೆ ನೋಡಬೇಕು. ಮೊದಲನೆಯವರದು ಒಂದು ಕೋಟು ಪುಟ್ಟಿ, ಒಂದು ಕೋಟು ಪ್ರೈಮರ್, ಕಡಿಮೆ ದರ್ಜೆಯ ಎಮಲ್ಷನ್ ಎರಡು ಕೋಟು. ಎರಡನೆಯವರದು ಎರಡು ಕೋಟು ಪುಟ್ಟಿ, ಒಂದು ಪ್ರೈಮರ್, ಮೇಲ್ದರ್ಜೆಯ ಎಮಲ್ಷನ್ ಎರಡು ಕೋಟು. ಮೂರನೆಯವರು ಹೇಳುವುದು ಅದೇ ಕಂಪನಿ, ಅದೇ ಮೇಲ್ದರ್ಜೆಯ ಪೇಂಟು. ಪುಟ್ಟಿ ಮಾತ್ರ ‘ಟಚ್‌ಅಪ್’, ಪ್ರೈಮರಿನ ಸುದ್ದಿಯೇ ಇಲ್ಲ.

ಬ್ರಾಂಡಿನ ತೂಕ ಎಷ್ಟು ಎಂದು ಇಲ್ಲಿ ಅಳೆಯಬಹುದು. ಒಂದು ಲೀಟರ್ ಪೇಂಟು ಎರಡು ಕೋಟುಗಳಿಗೆ ಸುಮಾರು 50 ಚದರಡಿ ಎಂದು ಹಿಡಿದರೆ ಈ ಮನೆಗೆ 40 ಲೀಟರ್, ಅಂದರೆ 20 ಲೀಟರಿನ ಎರಡು ಬಕೆಟ್ ಬೇಕು. ಎರಡು ದರ್ಜೆಗಳ ನಡುವೆ ಲೀಟರಿಗೆ 120 ರೂಪಾಯಿ ಅಂತರವಿದ್ದರೂ ಒಟ್ಟು 4,800, ಚದರಡಿಗೆ ಎರಡೂವರೆ ರೂಪಾಯಿಯೂ ಆಗುವುದಿಲ್ಲ. ಒಂದೇ ದರ್ಜೆಯ ಎರಡು ದೊಡ್ಡ ಕಂಪನಿಗಳ ನಡುವಿನ ಅಂತರ ಇನ್ನೂ ಕಡಿಮೆ. ಹಾಗಾದರೆ ಪೇಂಟು ಒಂದೇ ಆಗಿರುವ ಎರಡನೆಯ, ಮೂರನೆಯ ರೇಟುಗಳ ನಡುವಿನ ಒಂಬತ್ತು ರೂಪಾಯಿ ಎಲ್ಲಿಂದ ಬಂತು? ಪುಟ್ಟಿ, ಪ್ರೈಮರ್, ಎಮರಿ ಉಜ್ಜುವ ಕೂಲಿ. ನಾವು ಬ್ರಾಂಡಿನ ಬಗ್ಗೆ ಚೌಕಾಸಿ ಮಾಡುತ್ತ ಕೂತಿರುತ್ತೇವೆ, ದುಡ್ಡು ಮಾತ್ರ ಬಣ್ಣದ ಅಡಿಯಲ್ಲಿ ಮಲಗಿರುತ್ತದೆ. ಕೆಲವು ಪೇಂಟಿನ ಡಬ್ಬದಲ್ಲಿ ಪೇಂಟರಿಗೆಂದು ಟೋಕನ್ ಇರುತ್ತದೆ ಎಂಬುದನ್ನೂ ಬ್ರಾಂಡಿನ ಶಿಫಾರಸು ಕೇಳುವಾಗ ನೆನಪಿಡುವುದು ಒಳ್ಳೆಯದು.

ಮೂರನೆಯ ರೇಟು ಮೋಸವೇ? ಅದು ಗೋಡೆಯ ಮೇಲೆ ನಿಂತಿದೆ. ಹಿಂದೆ ಪುಟ್ಟಿ ಹಾಕಿ ಎಮಲ್ಷನ್ ಹೊಡೆದ, ಗಟ್ಟಿಯಾಗಿರುವ ಗೋಡೆಗೆ ಟಚ್‌ಅಪ್ ಸಾಕು. ಅಲ್ಲಿ 22 ಕೊಡುವುದು ದಂಡ. ಸುಣ್ಣದ ಗೋಡೆಗಾದರೆ ಅದೇ 13 ರೂಪಾಯಿ ನೀರುಪಾಲು. ಸುಣ್ಣ ಗೋಡೆಯನ್ನು ಬಿಗಿಯಾಗಿ ಹಿಡಿದಿರುವುದಿಲ್ಲ, ಅದರ ಮೇಲೆ ಹಾಕಿದ್ದು ಒಣಗುವಾಗ ಸುಣ್ಣವನ್ನು ಸೆಳೆದುಕೊಂಡು ಹಪ್ಪಳದಂತೆ ಏಳುತ್ತದೆ. ಪತ್ತೆ ಮಾಡುವುದು ಸುಲಭ. ಅಂಗೈಯಿಂದ ಉಜ್ಜಿ, ಬಿಳಿ ಹತ್ತುತ್ತದೆಯೇ ನೋಡಿ. ಬಣ್ಣವಿದ್ದರೆ ಬ್ಲೇಡಿನಿಂದ ಗೀರಿ ಅಲ್ಲಿ ಸೆಲ್ಲೋಟೇಪು ಒತ್ತಿ ಕೀಳಿ. ಪುಡಿ ಅಥವಾ ಚಕ್ಕೆ ಬಂದರೆ ಪೂರ್ತಿ ಕೆರೆಯಲೇಬೇಕು. ಕೆರೆಯುವ ಕೂಲಿ ರೇಟಿನಲ್ಲಿ ಸೇರಿದೆಯೇ ಎಂದು ಆಗಲೇ ಕೇಳಬೇಕು, ಏಕೆಂದರೆ ಕೆಲಸ ಅರ್ಧವಾದ ಮೇಲೆ ಬರುವ ‘ಎಕ್ಸ್‌ಟ್ರಾ’ ಹೆಚ್ಚಾಗಿ ಇದೇ.

ಪ್ರೈಮರ್ ಮೊದಲೋ ಪುಟ್ಟಿ ಮೊದಲೋ ಎಂಬ ಜಗಳ ಪೇಂಟರುಗಳಲ್ಲೇ ಇದೆ. ಬಿಳಿ ಸಿಮೆಂಟಿನ ಪುಟ್ಟಿಯನ್ನು ಒದ್ದೆ ಮಾಡಿದ ಗಾರೆಯ ಮೇಲೆ ನೇರವಾಗಿ ಎಳೆಯಬಹುದು, ಅಡಿಯಲ್ಲಿ ಪ್ರೈಮರ್ ಬೇಕಿಲ್ಲ. ಅಕ್ರಿಲಿಕ್ ಪುಟ್ಟಿಗಾದರೆ ಅಡಿಯಲ್ಲಿ ಪ್ರೈಮರ್ ಬೇಕು. ಆದ್ದರಿಂದ ಯಾವ ಪುಟ್ಟಿ ಎಂದು ತಿಳಿಯದೆ ‘ಎರಡು ಪ್ರೈಮರ್ ಹೊಡೀತೀವಿ’ ಎಂಬ ಮಾತನ್ನು ತೂಗಲಾಗದು. ಹೊಸ ಗಾರೆಗಾದರೆ ಇದಕ್ಕಿಂತ ಮುಖ್ಯ ಕಾಯುವುದು. ಕ್ಯೂರಿಂಗ್ ಆಗಿ ಚೆನ್ನಾಗಿ ಒಣಗುವ ಮೊದಲೇ ಬಣ್ಣ ಹೊಡೆದರೆ ಗೋಡೆ ಉಪ್ಪು ಉಗುಳುತ್ತದೆ, ಆಗ ಯಾವ ಬ್ರಾಂಡೂ ಉಳಿಸುವುದಿಲ್ಲ.

ಕೋಟುಗಳನ್ನು ಎಣಿಸುವುದು ಕಷ್ಟ, ಬಕೆಟ್ ಎಣಿಸುವುದು ಸುಲಭ. ಮೇಲಿನ ಮನೆಗೆ ಎರಡು ಕೋಟು ಪುಟ್ಟಿಗೆ ಒರಟು ಲೆಕ್ಕದಲ್ಲಿ 40 ಕಿಲೋದ ನಾಲ್ಕು ಚೀಲ, ಒಂದು ಕೋಟು ಪ್ರೈಮರಿಗೆ ಒಂದು ಬಕೆಟ್, ಪೇಂಟಿಗೆ ಎರಡು ಬಕೆಟ್. ಇಡೀ ಮನೆ ಒಂದೇ ಬಕೆಟ್ ಪೇಂಟಿನಲ್ಲಿ ‘ಎರಡು ಕೋಟು’ ಮುಗಿದರೆ ಮಿಕ್ಕದ್ದು ನೀರು. ರಾತ್ರಿ ಬಲ್ಬನ್ನು ಗೋಡೆಗೆ ಒತ್ತಿ ಹಿಡಿದರೆ ಪುಟ್ಟಿಯ ತಗ್ಗು, ದಿಣ್ಣೆಗಳೂ ಕಾಣುತ್ತವೆ.

ಹಾಗಾಗಿ ಮೇಸ್ತ್ರಿಯ ಜೊತೆ ಮಾತು ಮುಗಿಸುವ ಮೊದಲು ಒಂದು ಹಾಳೆಯಲ್ಲಿ ಗೋಡೆಯ ಅಳತೆ, ಕೆರೆಯುವುದು ಯಾರ ಖರ್ಚು, ಪುಟ್ಟಿ ಎಷ್ಟು ಚೀಲ, ಪ್ರೈಮರ್ ಮತ್ತು ಪೇಂಟು ಯಾವ ದರ್ಜೆಯದು ಎಷ್ಟು ಬಕೆಟ್ ಎಂದು ಬರೆಸಿಕೊಳ್ಳಿ. ಸೀಲ್ ನಿಮ್ಮ ಕಣ್ಣೆದುರೇ ಒಡೆಯಲಿ, ಖಾಲಿ ಬಕೆಟ್‌ಗಳು ಕೊನೆಯ ಬಿಲ್ ಆಗುವವರೆಗೆ ನಿಮ್ಮ ಅಂಗಳದಲ್ಲೇ ಇರಲಿ.