ಬಂಪರ್ ತಾಗಿದಾಗ, ಮೊದಲು ಫೋಟೊ

ಬೆಂಗಳೂರಿನ ಸಿಗ್ನಲ್ ಒಂದರಲ್ಲಿ ಹಿಂದಿನ ಕಾರು ನಿಮ್ಮ ಬಂಪರ್‌ಗೆ ಗುದ್ದಿತು ಎನ್ನಿ. ಹಜಾರ್ಡ್ ದೀಪ ಹಾಕಿ, ಯಾರಿಗೂ ಪೆಟ್ಟಾಗಿಲ್ಲವೆಂದು ಕೇಳಿ ಖಚಿತಪಡಿಸಿಕೊಳ್ಳಿ. ಗಾಡಿ ಸರಿಸುವ ಮೊದಲೇ ಫೋಟೊ ತೆಗೆಯಿರಿ. ಬರೀ ಗೀರಿನದ್ದು ಸಾಲದು. ಎರಡೂ ನಂಬರ್ ಪ್ಲೇಟ್, ಲೇನ್ ಗೆರೆ, ಸಿಗ್ನಲ್ ಕಂಬ ಒಂದೇ ಚೌಕಟ್ಟಿನಲ್ಲಿ ಬರುವಂತೆ ನಾಲ್ಕು ಹೆಜ್ಜೆ ದೂರದಿಂದಲೂ ತೆಗೆಯಿರಿ. ಯಾರು ಎಲ್ಲಿದ್ದರು ಎಂಬುದಕ್ಕೆ ಅದೇ ಸಾಕ್ಷಿ. ಹಿಂದೆ ವಾಹನಗಳು ವೇಗವಾಗಿ ಬರುತ್ತಿದ್ದರೆ ಮಾತ್ರ ಫೋಟೊ ಬಿಟ್ಟು ಮೊದಲು ಪಕ್ಕಕ್ಕೆ ಸರಿಯಿರಿ.

ಆಮೇಲೆ ಹೆಸರು, ಫೋನ್ ನಂಬರು, ಇನ್ಶೂರೆನ್ಸ್ ವಿವರ ಬದಲಾಯಿಸಿಕೊಳ್ಳಿ. ತಪ್ಪು ನಿಮ್ಮದೇ ಅನ್ನಿಸಿದರೂ ದುಡ್ಡು ಕೊಡುವ ಮಾತು ಅಲ್ಲೇ ಕೊಡಬೇಡಿ: ಕಂಪನಿಯ ಒಪ್ಪಿಗೆಯಿಲ್ಲದೆ ಪರಿಹಾರದ ಭರವಸೆ ಕೊಡಬಾರದೆಂಬ ಷರತ್ತು ವಾಹನ ಪಾಲಿಸಿಗಳಲ್ಲಿ ಇರುತ್ತದೆ. ಎದುರಿನವರು ಜಗಳಕ್ಕೆ ನಿಂತರೆ 112ಕ್ಕೆ ಕರೆ ಮಾಡಿ.