ರೆಂಡರ್ ಕೈಕೊಟ್ಟಾಗ ಗ್ರಾಹಕರಿಗೆ ಬರೆಯುವ ಮೇಲ್

ಕಟ್ಟಡವೊಂದರ ಒಂದು ನಿಮಿಷದ ಅನಿಮೇಷನ್ ಎಂದರೆ, ಸೆಕೆಂಡಿಗೆ 25ರಂತೆ 1500 ಫ್ರೇಮುಗಳು. ಶುಕ್ರವಾರ ಕೊಡಬೇಕು, ಗುರುವಾರ ಬೆಳಿಗ್ಗೆ ನೋಡಿದರೆ ಕೊನೆಯ 600 ಫ್ರೇಮುಗಳು ಬರೀ ಕಪ್ಪು. ಮರಗಿಡ ತುಂಬಿದ ಆ ದೃಶ್ಯಕ್ಕೆ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಸಾಲದೆ ಹೀಗಾಗಿದೆ ಎಂದುಕೊಳ್ಳಿ.

ತಕ್ಷಣ ಮೇಲ್ ಬರೆಯಬೇಡಿ. ದೃಶ್ಯ ಹಗುರ ಮಾಡಿ, ಹಾಳಾದ ಒಂದೆರಡು ಫ್ರೇಮುಗಳನ್ನು ಮತ್ತೆ ರೆಂಡರ್ ಮಾಡಿ ಸಮಯ ನೋಡಿ. ಫ್ರೇಮಿಗೆ 6 ನಿಮಿಷವಾದರೆ ಒಟ್ಟು 60 ಗಂಟೆ, ಎರಡು ಕಂಪ್ಯೂಟರಿನಲ್ಲಿ 30. ಬೆಳಿಗ್ಗೆ 10ಕ್ಕೆ ಶುರುಮಾಡಿದರೆ ಶುಕ್ರವಾರ ಸಂಜೆ 4ಕ್ಕೆ ಮುಗಿಯುತ್ತದೆ. ಆದರೂ ಶುಕ್ರವಾರ ರಾತ್ರಿಯ ಮಾತು ಕೊಡಬೇಡಿ. ಪರಿಶೀಲನೆಗೆ, ಇನ್ನೊಮ್ಮೆ ಕೆಟ್ಟರೆ ಸರಿಪಡಿಸಲು ಸಮಯ ಬೇಕು.

ಈಗ ಬರೆಯಿರಿ:

“ನಮಸ್ಕಾರ ಸರ್, ನಾಳೆ ಕೊಡಬೇಕಿದ್ದ ವಿಡಿಯೊಗೆ ಸೋಮವಾರ ಸಂಜೆ 5ರವರೆಗೆ ಸಮಯ ಕೋರುತ್ತೇನೆ. ಕೊನೆಯ 24 ಸೆಕೆಂಡಿನ ರೆಂಡರ್ ಹಾಳಾಗಿದೆ, ಕಾರಣ ಪತ್ತೆಯಾಗಿ ಕೆಲಸ ಮತ್ತೆ ಶುರುವಾಗಿದೆ. ಸರಿಯಿರುವ ಮೊದಲ 36 ಸೆಕೆಂಡು ಇಂದೇ ಕಳಿಸುತ್ತೇನೆ. ಶನಿವಾರ ಬೆಳಿಗ್ಗೆ 11ಕ್ಕೆ ಪೂರ್ಣ ಕರಡು, ಸೋಮವಾರ ಸಂಜೆ 5ಕ್ಕೆ ಅಂತಿಮ ಪ್ರತಿ. ತೊಂದರೆಗೆ ಕ್ಷಮಿಸಿ. ಒಪ್ಪಿಗೆಯೇ ಎಂದು ಇಂದು ಸಂಜೆಯೊಳಗೆ ತಿಳಿಸಿ.”

ಕಾರ್ಡಿನ ಕಥೆ ಇದರಲ್ಲಿ ಬೇಡ. ಶನಿವಾರವೇ ಅವರು ಯಾರಿಗಾದರೂ ತೋರಿಸಬೇಕಿದ್ದರೆ, ಆ ಕರಡು ಅವರ ಕೈಯಲ್ಲಿರುತ್ತದೆ.